ಬಾವಿ ಖಾಲಿ ಮಾಡುವ ಲೆಕ್ಕ: ಮೂರು ಗಂಟೆ ಅಂತ ಬಂದದ್ದು ಐದಕ್ಕೆ ಹೋಗಿದ್ದು ಯಾಕೆ

ಮಳೆಗಾಲಕ್ಕೆ ಮೊದಲು ತೋಟದ ಬಾವಿಯ ಕೆಸರು ತೆಗೆಸಬೇಕು. ಇಳಿಯುವ ಜನರನ್ನು ಎಷ್ಟು ಗಂಟೆಗೆ ಬರಹೇಳಬೇಕು ಅಂತ ಗೊತ್ತಾಗಬೇಕಾದರೆ ನೀರು ಎಷ್ಟಿದೆ, ಮೋಟಾರು ಎಷ್ಟು ಹೊತ್ತು ಓಡಬೇಕು ಅನ್ನುವುದು ತಿಳಿದಿರಬೇಕು. ಈ ವಾರ ಅದನ್ನೇ ಅಳೆದೆ.

ಮೊದಲು ವ್ಯಾಸ. ನಮ್ಮದು ಕೆಂಪುಕಲ್ಲು ಕಟ್ಟಿದ ಹಳೇ ಬಾವಿ, ಮೇಲೆ ರಾಟೆಯ ಕಂಬ ಇರುವುದರಿಂದ ಟೇಪನ್ನು ನಡುವಿಗೆ ಸರಿಯಾಗಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಕಟ್ಟೆಯ ಹೊರಗಿನಿಂದ ಹಗ್ಗ ಸುತ್ತಿದೆ. 36 ಅಡಿ 1 ಇಂಚು ಬಂತು. 3.14ರಿಂದ ಭಾಗಿಸಿದರೆ ಹನ್ನೊಂದೂವರೆ ಅಡಿ. ಗೋಡೆ 9 ಇಂಚು ದಪ್ಪ, ಎರಡೂ ಕಡೆ ಸೇರಿ ಒಂದೂವರೆ ಅಡಿ ಕಳೆದರೆ ಒಳಗಿನ ವ್ಯಾಸ 10 ಅಡಿ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು, ಯಾಕೆಂದರೆ ವ್ಯಾಸ ಎರಡು ಸಲ ಗುಣಿಸಿಕೊಳ್ಳುತ್ತದೆ, ಅರ್ಧ ಅಡಿ ಜಾಸ್ತಿ ಹಿಡಿದರೂ ಲೀಟರು ಶೇ. 10ರಷ್ಟು ಏರಿಬಿಡುತ್ತದೆ.

ಆಳಕ್ಕೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಬಿಟ್ಟೆ. ಕಟ್ಟೆಯ ಮೇಲಿನಿಂದ ತಳಕ್ಕೆ 21 ಅಡಿ, ಒದ್ದೆಯಾಗದೆ ಉಳಿದ ಹಗ್ಗ 9 ಅಡಿ. ಅಂದರೆ ನೀರು 12 ಅಡಿ. ಲೆಕ್ಕಕ್ಕೆ ಬೇಕಾದ್ದು ಈ 12 ಮಾತ್ರ, ಬಾವಿಯ ಪೂರ್ತಿ ಆಳ ಅಲ್ಲ.

```
ಅಡಿಯಲ್ಲಿ:   ವ್ಯಾಸ × ವ್ಯಾಸ × ನೀರಿನ ಆಳ × 22.24 = ಲೀಟರ್
ಮೀಟರಿನಲ್ಲಿ: ವ್ಯಾಸ × ವ್ಯಾಸ × ನೀರಿನ ಆಳ × 785 = ಲೀಟರ್

10 × 10 × 12 × 22.24 = 26,688
```

ಸುಮಾರು 26,700 ಲೀಟರು. ಇದಕ್ಕಿಂತ ಕೆಲಸಕ್ಕೆ ಬರುವ ಅಂಕಿ ಇನ್ನೊಂದಿದೆ: ಈ ಬಾವಿಯಲ್ಲಿ ಒಂದು ಅಡಿ ನೀರು ಅಂದರೆ 2,224 ಲೀಟರು. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಮೋಟಾರು 1 ಎಚ್‌ಪಿ. ಅದರ ಪ್ಲೇಟಿನಲ್ಲಿ ಬರೆದ ನೀರನ್ನು ನಂಬಿ ಕೂರುವುದಕ್ಕಿಂತ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡುವುದು ವಾಸಿ. 80 ಸೆಕೆಂಡಿಗೆ ತುಂಬಿತು, ಗಂಟೆಗೆ 9,000 ಲೀಟರು. 26,700ನ್ನು 9,000ದಿಂದ ಭಾಗಿಸಿದರೆ ಮೂರು ಗಂಟೆ. ಕಾಗದದ ಮೇಲೆ ಮುಗಿಯಿತು.

ಬಾವಿಯಲ್ಲಿ ಮುಗಿಯಲಿಲ್ಲ. ಮೊದಲ ಗಂಟೆಗೆ 4 ಅಡಿ ಇಳಿಯಬೇಕಿತ್ತು, ಇಳಿದದ್ದು 3 ಅಡಿ 8 ಇಂಚು. ಎರಡನೇ ಗಂಟೆಗೆ 3 ಅಡಿ, ಮೂರನೆಯದಕ್ಕೆ 2 ಅಡಿ 4 ಇಂಚು, ನಾಲ್ಕನೆಯದಕ್ಕೆ ಬರೀ 1 ಅಡಿ 9 ಇಂಚು. ನಾಲ್ಕು ಗಂಟೆ ಓಡಿದ ಮೇಲೂ ತಳದಲ್ಲಿ ಒಂದೂಕಾಲು ಅಡಿ ನೀರು.

ಕಾರಣ ಎರಡು. ನೀರು ಕೆಳಗೆ ಹೋದಷ್ಟೂ ಮೋಟಾರು ಹೆಚ್ಚು ಎತ್ತರಕ್ಕೆ ಎಳೆಯಬೇಕು, ಹಾಗಾಗಿ ಕೊಡುವ ನೀರು ಕಡಿಮೆ. ಕೊನೆಗೆ ಅದೇ ಡ್ರಮ್ ತುಂಬಲು 100 ಸೆಕೆಂಡ್ ಬೇಕಾಯಿತು, ಅಂದರೆ ಗಂಟೆಗೆ 7,200. ಎರಡನೆಯದು ಒರತೆ. ಬಾವಿ ತುಂಬಿರುವಾಗ ಒಳಗೂ ಹೊರಗೂ ನೀರಿನ ಮಟ್ಟ ಒಂದೇ, ಒರತೆ ಸುಮ್ನೆ ನಿಂತಿರುತ್ತದೆ. ಒಳಗೆ ಇಳಿದಂತೆಲ್ಲ ಸುತ್ತಲಿನ ಮಣ್ಣಿನಿಂದ ನೀರು ಜೋರಾಗಿ ನುಗ್ಗುತ್ತದೆ. ಎಷ್ಟು ಅಂತ ತಿಳಿಯಲು ಮೋಟಾರು ನಿಲ್ಲಿಸಿ, ಗೋಡೆಯ ಒಂದು ಕಲ್ಲಿನ ಗುರುತು ಹಿಡಿದು 10 ನಿಮಿಷ ಕಾದೆ. ಮೂರೂವರೆ ಇಂಚು ಏರಿತು. ಅಡಿಗೆ 2,224ರ ಲೆಕ್ಕದಲ್ಲಿ ಅದು ಸುಮಾರು 650 ಲೀಟರು, ಗಂಟೆಗೆ 3,900. ಮೋಟಾರು 7,200 ಎತ್ತುತ್ತಿದೆ, ಒರತೆ 3,900 ವಾಪಸ್ ಕೊಡುತ್ತಿದೆ, ನಿಜವಾಗಿ ಖಾಲಿಯಾಗುತ್ತಿರುವುದು 3,300 ಅಷ್ಟೇ. ಆ ಲೆಕ್ಕಕ್ಕೆ ಉಳಿದ ಒಂದೂಕಾಲು ಅಡಿಗೇ ಇನ್ನೂ ಮುಕ್ಕಾಲು ಗಂಟೆಗಿಂತ ಜಾಸ್ತಿ, ಒಟ್ಟು ಐದು ಗಂಟೆ ಹತ್ತಿರ. ಒರತೆ ಮೋಟಾರಿಗೆ ಸಮವಾಗಿರುವ ಬಾವಿಯಾದರೆ ಇಡೀ ದಿನ ಓಡಿಸಿದರೂ ಖಾಲಿ ಆಗುವುದಿಲ್ಲ, ಅಲ್ವಾ.

ಅದೂ ತಳದವರೆಗೆ ಎಳೆಯುವುದು ಸಾಧ್ಯ ಇದ್ದರೆ. ಫುಟ್‌ವಾಲ್ವ್ ಮೇಲೆ ನೀರು ಅರ್ಧ ಅಡಿಗಿಂತ ಕಡಿಮೆಯಾದಾಗ ಸುಳಿ ಎದ್ದು ಗಾಳಿ ಎಳೆಯತೊಡಗಿತು, ಪೈಪಿನಿಂದ ನೀರು ಬಿಟ್ಟು ಬಿಟ್ಟು ಬಂತು. ಅಲ್ಲಿಗೆ ಸ್ವಿಚ್ ಆಫ್. ಉಳಿದದ್ದನ್ನು ಬಕೆಟ್ಟಿನಲ್ಲೇ ಮೇಲೆತ್ತಬೇಕು.

ಕೆಸರಿನ ದಿನಕ್ಕೆ ಇಷ್ಟೇ ದೊಡ್ಡ ಇನ್ನೊಂದು ಮೋಟಾರು ಬಾಡಿಗೆಗೆ ಹೇಳಿದ್ದೇನೆ. ಎರಡೂ ಸೇರಿದರೆ ಫುಟ್‌ವಾಲ್ವ್ ಮಟ್ಟಕ್ಕೆ ಇಳಿಯಲು ಒಂದೂಮುಕ್ಕಾಲು ಗಂಟೆ ಸಾಕು, ಯಾಕೆಂದರೆ ಬೇಗ ಖಾಲಿಯಾದಷ್ಟೂ ಒರತೆಗೆ ತುಂಬಲು ಸಿಗುವ ಹೊತ್ತು ಕಡಿಮೆ. ಪಕ್ಕದ ತೋಟದವರು ಪೆಟ್ರೋಲ್ ಪಂಪು ಕೊಡುತ್ತೇನೆ ಅಂದರು, ಬೇಡ ಅಂದೆ. ಅದರ ಹೊಗೆ ಬಾವಿಗೆ ಇಳಿದು ನಿಂತರೆ ಕೆಳಗಿರುವವರ ಜೀವಕ್ಕೇ ಅಪಾಯ. ಜನ ಬೆಳಿಗ್ಗೆ 9ಕ್ಕೆ ಬರುತ್ತಾರೆ, ನಾನು ಮೋಟಾರು ಹಾಕುವುದು 7ಕ್ಕೆ.