ಹಳದಿ ನಂಬರ್ ಪ್ಲೇಟ್‌ಗಳ ದಾಖಲೆ: ದೇಶದ ಅಕ್ಷರ ಕಾಣದಾಗ

ಫೋಟೊದಲ್ಲಿನ ಕಾರು ಯಾವ ದೇಶದ್ದೆಂದು ನಂಬರ್ ಪ್ಲೇಟಿನಿಂದ ಗುರುತಿಸುವ ಕೆಲಸದ ಈ ಕಂತಿನಲ್ಲಿ ಹಳದಿ ಪ್ಲೇಟ್‌ಗಳನ್ನು ಮಾತ್ರ ಕೈಗೆತ್ತಿಕೊಂಡಿದ್ದೇವೆ. ಫೋಟೊದಲ್ಲಿ ಕಾರು ದೂರದಲ್ಲಿದೆ, ದೇಶದ ಅಕ್ಷರವಿರುವ ಪ್ಲೇಟಿನ ಎಡಬದಿಯ ನೀಲಿ ಪಟ್ಟಿ ಒಂದು ಕಪ್ಪು ಮಚ್ಚೆಯಾಗಿದೆ ಅಥವಾ ಪಟ್ಟಿಯೇ ಇಲ್ಲ. ದೇಶದ ಅಕ್ಷರ ಓದುವ ಮಾತೇ ಇಲ್ಲ. ಇಂಥ ಚಿತ್ರಗಳಲ್ಲಿ ಪದೇ ಪದೇ ಗೊಂದಲವಾಗುವುದು ನಾಲ್ಕು ದೇಶಗಳ ನಡುವೆ: ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಬ್ರಿಟನ್, ಇಸ್ರೇಲ್. ಬಿಳಿ ಪ್ಲೇಟ್‌ಗಳ ರಾಶಿ ಇದರ ಹತ್ತು ಪಟ್ಟು ತಲೆನೋವು, ಅದು ಬೇರೆ ಕಂತಿಗೆ.

ಮೊದಲು ಹಳದಿ ನಿಜವಾಗಿ ಹಳದಿಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹಿಂದಿನ ವಿಂಗಡಣೆಯಲ್ಲಿ ಹೆಚ್ಚು ತಪ್ಪಾದದ್ದು ಇಲ್ಲಿಯೇ. ಕಡಿಮೆ ಒತ್ತಡದ ಸೋಡಿಯಂ ಬೀದಿದೀಪದ ಬೆಳಕು ಹೆಚ್ಚುಕಡಿಮೆ ಒಂದೇ ತರಂಗದ್ದು, 589 ನ್ಯಾನೊಮೀಟರ್ ಆಸುಪಾಸಿನದು. ಅದರಡಿ ಬಿಳಿ ಪ್ಲೇಟೂ ಹಳದಿಯಾಗಿಯೇ ಕಾಣುತ್ತದೆ, ನೀಲಿ ಪಟ್ಟಿ ಕಪ್ಪಾಗುತ್ತದೆ. ಅದೇ ಚಿತ್ರದಲ್ಲಿ ರಸ್ತೆಯ ಬಿಳಿ ಗೆರೆಯನ್ನೋ ಬಿಳಿ ಕಾರನ್ನೋ ಹುಡುಕಿ ಪಕ್ಕಕ್ಕಿಟ್ಟು ನೋಡಿ. ಅದೂ ಅಷ್ಟೇ ಹಳದಿಯಾಗಿದ್ದರೆ ಬಣ್ಣದ ಸಾಕ್ಷಿಯನ್ನು ಬದಿಗಿಟ್ಟು ಅಕ್ಷರ ಅಂಕಿಗಳ ಜೋಡಣೆಯ ಮೇಲೆ ಮಾತ್ರ ನಂಬಿಕೆ ಇಡಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಇದರ ತದ್ವಿರುದ್ಧ: ಪ್ಲೇಟಿನ ಹೊಳಪು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ನಡುಭಾಗ ಬೆಳ್ಳಗೆ ಸುಟ್ಟುಹೋಗಿ, ಹಳದಿ ಅಂಚಿನಲ್ಲಿ ಮಾತ್ರ ಉಳಿದಿರುತ್ತದೆ. ಆಗ ಬಣ್ಣವನ್ನು ಅಂಚಿನಿಂದ ಎತ್ತಿ. ಚಿಕ್ಕ ಜೆಪೆಗ್ ಚಿತ್ರದಲ್ಲಿ ಅಂಚೂ ನಂಬಿಕಸ್ಥವಲ್ಲ. ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕಿಳಿಸಿ ಉಳಿಸಿರುತ್ತಾರೆ, ಹಾಗಾಗಿ ಹಿಂಬದಿ ದೀಪದ ಕೆಂಪು ಪ್ಲೇಟಿನೊಳಕ್ಕೆ ಸೋರುತ್ತದೆ. ಎಂಟು ಪಿಕ್ಸೆಲ್ ಎತ್ತರದ ಪ್ಲೇಟಿನ ಬಣ್ಣದ ಮೇಲೆ ತೀರ್ಪು ಕೊಡದಿರುವುದೇ ಲೇಸು.

ಹಳದಿ ಖಾತ್ರಿಯಾದ ಮೇಲೆ ಕೇಳಬೇಕಾದದ್ದು, ನೋಡುತ್ತಿರುವುದು ಕಾರಿನ ಮುಂಭಾಗವೋ ಹಿಂಭಾಗವೋ ಎಂದು. ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಇಸ್ರೇಲ್‌ಗಳಲ್ಲಿ ಎರಡೂ ಕಡೆ ಹಳದಿ. ಬ್ರಿಟನ್ನಿನಲ್ಲಿ ಮುಂದೆ ಬಿಳಿ, ಹಿಂದೆ ಮಾತ್ರ ಹಳದಿ. ಹಾಗಾಗಿ ಮುಂಭಾಗದಲ್ಲಿ ಹಳದಿ ಕಂಡರೆ ಬ್ರಿಟನ್ ಅಲ್ಲಿಗೇ ಮುಗಿಯಿತು. ಹಳೆಯ ಫೋಟೊಗಳಿಗೆ ಒಂದು ಎಚ್ಚರಿಕೆ: ಫ್ರಾನ್ಸಿನಲ್ಲಿ 2009ರ ಹೊಸ ವ್ಯವಸ್ಥೆಗೆ ಮುಂಚಿನ ಬಹಳಷ್ಟು ಕಾರುಗಳ ಹಿಂಬದಿ ಪ್ಲೇಟೂ ಹಳದಿಯೇ.

ಆಮೇಲೆ ಗುಂಪುಗಳ ಎಣಿಕೆ. ಅಕ್ಷರ ಓದಲಾಗದಿದ್ದರೂ ಗುಂಪುಗಳ ನಡುವಿನ ಖಾಲಿ ಜಾಗ ಕಾಣುತ್ತದೆ, ಮಸುಕಾದ ಚಿತ್ರದಲ್ಲಿ ಕಡೆಯವರೆಗೂ ಉಳಿಯುವುದು ಅದೇ. ನೆದರ್‌ಲ್ಯಾಂಡ್ಸ್‌ನದು ಯಾವಾಗಲೂ ಅಕ್ಷರ ಅಂಕಿ ಸೇರಿ ಆರು ಚಿಹ್ನೆ, ಮೂರು ಗುಂಪು, ನಡುವೆ ಎರಡು ಅಡ್ಡಗೆರೆ. ಹಳೆಯವು ಎರಡೆರಡಾಗಿ ಒಡೆದಿದ್ದರೆ, 2008ರಿಂದೀಚೆಗೆ ಹೆಚ್ಚಾಗಿ ಒಂದು ತುದಿಯಲ್ಲಿ ಎರಡು, ನಡುವೆ ಮೂರು, ಇನ್ನೊಂದು ತುದಿಯಲ್ಲಿ ಒಂದು. ಲಕ್ಸೆಂಬರ್ಗಿನ ಸಾಮಾನ್ಯ ಸರಣಿ ಎರಡು ಅಕ್ಷರ, ಒಂದು ಖಾಲಿ ಜಾಗ, ನಾಲ್ಕು ಅಂಕಿ. ಬರೀ ಅಂಕಿಗಳವೂ ಇವೆ. ಇಸ್ರೇಲಿನದು ಡಚ್ಚರದರಂತೆಯೇ ಮೂರು ಗುಂಪು, ಆದರೆ ಎಲ್ಲವೂ ಅಂಕಿ: ಏಳಾದರೆ ಎರಡು-ಮೂರು-ಎರಡು, 2017ರಿಂದ ಬಂದ ಎಂಟಾದರೆ ಮೂರು-ಎರಡು-ಮೂರು. ಮೂರು ಗುಂಪು ಕಂಡ ತಕ್ಷಣ ಡಚ್ ಎಂದುಬಿಡುವುದೇ ಇಲ್ಲಿನ ಮಾಮೂಲಿ ತಪ್ಪು. ಚಿಹ್ನೆಗಳನ್ನು ಎಣಿಸಿ, ಆರಕ್ಕಿಂತ ಹೆಚ್ಚಾದರೆ ಡಚ್ ಅಲ್ಲ.

ಬ್ರಿಟನ್ನಿನದು 2001ರ ಸೆಪ್ಟೆಂಬರಿನಿಂದ ಏಳು ಚಿಹ್ನೆ: ಎರಡು ಅಕ್ಷರ, ಎರಡು ಅಂಕಿ, ಖಾಲಿ ಜಾಗ, ಮೂರು ಅಕ್ಷರ. ಇಲ್ಲಿ ಅಳತೆಗಳು ನಿಯಮದಲ್ಲೇ ಕಟ್ಟುನಿಟ್ಟಾಗಿರುವುದರಿಂದ ಲೆಕ್ಕ ಹಾಕಬಹುದು. ಚಿಹ್ನೆಯ ಎತ್ತರ 79 ಮಿ.ಮೀ., ಅಗಲ 50, ಗೆರೆಯ ದಪ್ಪ 14, ಪಕ್ಕಪಕ್ಕದ ಚಿಹ್ನೆಗಳ ನಡುವೆ 11, ಎರಡು ಗುಂಪುಗಳ ನಡುವೆ 33. ಏಳು ಚಿಹ್ನೆಗೆ 350, ಐದು ಸಣ್ಣ ಸಂದಿಗೆ 55, ದೊಡ್ಡದಕ್ಕೆ 33, ಒಟ್ಟು 438 ಮಿ.ಮೀ. ಸಾಮಾನ್ಯ ಪ್ಲೇಟಿನ ಅಗಲ 520.

ಈ ಲೆಕ್ಕವನ್ನು ಒಂದು ಚಿತ್ರಕ್ಕೆ ಹೊಂದಿಸಿ ನೋಡೋಣ. ಕಾರಿನ ಹಿಂಭಾಗ, ಹಳದಿ ಪ್ಲೇಟ್ 104 ಪಿಕ್ಸೆಲ್ ಅಗಲ, ಅಂದರೆ ಒಂದು ಪಿಕ್ಸೆಲ್‌ಗೆ 5 ಮಿ.ಮೀ. ಎಡಕ್ಕೆ 8 ಪಿಕ್ಸೆಲ್‌ನ ಕಪ್ಪು ಪಟ್ಟಿ. ಉಳಿದ 96 ಪಿಕ್ಸೆಲ್‌ನಲ್ಲಿ ಬರಹವನ್ನು ಮಧ್ಯಕ್ಕೆ ಕೂರಿಸಿದ್ದರೆ ಅದು ಸುಮಾರು 88 ಪಿಕ್ಸೆಲ್ ತಿಂದು, ಎಡಬಲ ನಾಲ್ಕು ನಾಲ್ಕು ಉಳಿಸುತ್ತದೆ. ಮೊದಲ ನಾಲ್ಕು ಚಿಹ್ನೆ ಮತ್ತು ಮೂರು ಸಂದಿ ಸೇರಿ 233 ಮಿ.ಮೀ., ಅಂದರೆ ಸುಮಾರು 47 ಪಿಕ್ಸೆಲ್. ದೊಡ್ಡ ಸಂದಿ ಶುರುವಾಗುವುದು ಪ್ಲೇಟಿನ ಎಡ ಅಂಚಿನಿಂದ 59ನೇ ಪಿಕ್ಸೆಲ್ ಹತ್ತಿರ, ಮುಗಿಯುವುದು 65ರಲ್ಲಿ, ಅದರ ನಡುಬಿಂದು 62. ಚಿತ್ರದಲ್ಲಿ ಪ್ರತಿ ಕಂಬಸಾಲಿನ ಕಪ್ಪನ್ನು ಕೂಡಿ ಒಂದು ರೇಖಾಚಿತ್ರ ಬರೆದರೆ 60ರ ಆಚೆ ಒಂದೇ ಅಗಲವಾದ ಕಣಿವೆ ಕಾಣಬೇಕು. ಕಂಡರೆ ಬ್ರಿಟನ್. ಎರಡು ಕಣಿವೆ ಕಂಡು, ಅವುಗಳ ನಡುಎತ್ತರದಲ್ಲಿ ಪುಟ್ಟ ಅಡ್ಡಗೆರೆ ಇದ್ದು ಚಿಹ್ನೆ ಆರೇ ಆದರೆ ನೆದರ್‌ಲ್ಯಾಂಡ್ಸ್. ಒಂದೇ ಕಣಿವೆ ಎಡ ಅರ್ಧದಲ್ಲಿದ್ದು ಚಿಹ್ನೆ ಆರಾದರೆ ಲಕ್ಸೆಂಬರ್ಗ್.

ಪಟ್ಟಿಯಿಲ್ಲದ ಬ್ರಿಟಿಷ್ ಪ್ಲೇಟಿನಲ್ಲಿ ಅದೇ ಕಣಿವೆ ಎಡದಿಂದ ಅಗಲದ 56ನೇ ಶತಾಂಶಕ್ಕೆ ಬರುತ್ತದೆ. ಆದರೆ 1 ಎಂಬ ಅಂಕಿ ಈ ಲೆಕ್ಕವನ್ನು ಕೆಡಿಸುತ್ತದೆ. ಅಲ್ಲಿನ ಕಡ್ಡಾಯ ಲಿಪಿಯಲ್ಲಿ ಅದು ಬರಿಯ ಕಡ್ಡಿ, 14 ಮಿ.ಮೀ. ಅಗಲ. ವರ್ಷ ಸೂಚಿಸುವ ಎರಡು ಅಂಕಿಗಳಲ್ಲಿ ಯಾವುದಾದರೊಂದು 1 ಆಗಿದ್ದರೆ ಬರಹ 36 ಮಿ.ಮೀ. ಕುಗ್ಗಿ, ಕಣಿವೆ 18 ಮಿ.ಮೀ. ಎಡಕ್ಕೆ ಜಾರುತ್ತದೆ. ಎರಡೂ 1 ಆಗಿದ್ದರೆ ಹೆಚ್ಚುಕಡಿಮೆ ಪ್ಲೇಟಿನ ನಟ್ಟನಡುವೆ ಬಂದು ನಿಲ್ಲುತ್ತದೆ. ಕಣಿವೆ ನಿರೀಕ್ಷಿಸಿದಲ್ಲಿ ಇಲ್ಲವೆಂದು ಬ್ರಿಟನ್ ಬಿಟ್ಟುಬಿಡುವ ಮುನ್ನ ಈ ತೆಳ್ಳನೆ ಕಡ್ಡಿಗಾಗಿ ಒಮ್ಮೆ ಕಣ್ಣಾಡಿಸಬೇಕು.

ಉತ್ತರ ಐರ್ಲೆಂಡ್ ಈ ಚೌಕಟ್ಟಿಗೆ ಬಗ್ಗುವುದಿಲ್ಲ. ಬಣ್ಣ, ಲಿಪಿ ಎಲ್ಲ ಬ್ರಿಟನ್ನಿನದೇ, ಆದರೆ ಮೂರು ಅಕ್ಷರ ಮೊದಲು, ಆಮೇಲೆ ನಾಲ್ಕರವರೆಗೆ ಅಂಕಿ. ಪೂರ್ತಿ ಏಳು ಚಿಹ್ನೆಯದಾದರೆ ಪಟ್ಟಿಯಿಲ್ಲದ ಪ್ಲೇಟಿನಲ್ಲಿ ಕಣಿವೆ 44ನೇ ಶತಾಂಶಕ್ಕೆ, ಎಡ ಅರ್ಧಕ್ಕೆ ಬರುತ್ತದೆ. ಲಕ್ಸೆಂಬರ್ಗ್ ಎಂದು ಮೋಸಹೋಗುವುದು ಇಲ್ಲಿಯೇ. ಎಡಗುಂಪಿನಲ್ಲಿ ಎರಡು ಚಿಹ್ನೆಯೋ ಮೂರೋ ಎಂಬುದೊಂದೇ ಬಿಡಿಸುವ ಕೀಲಿ. ಅದೇ ಕಾರಿನ ಮುಂಭಾಗದ ಇನ್ನೊಂದು ಫೋಟೊ ಸಿಕ್ಕರೆ ಬಿಳಿಯೋ ಹಳದಿಯೋ ಎಂಬುದು ಕ್ಷಣದಲ್ಲಿ ತೀರ್ಮಾನವಾಗುತ್ತದೆ.

ಲಿಪಿಯ ಸಹಾಯ ಸಿಗುವುದು ಹತ್ತಿರದ ಫೋಟೊದಲ್ಲಿ ಮಾತ್ರ. ಡಚ್ ಪ್ಲೇಟಿನ 2002ರ ನಂತರದ ಲಿಪಿಯಲ್ಲಿ ಪಿ, ಆರ್‌ನಂಥ ಅಕ್ಷರಗಳ ಗೆರೆಯಲ್ಲಿ ಬೇಕೆಂದೇ ಸಣ್ಣ ಸೀಳು ಬಿಟ್ಟಿದ್ದಾರೆ, ಒಂದನ್ನು ಇನ್ನೊಂದಾಗಿ ತಿದ್ದದಂತೆ. ಸೀಳು ಕಂಡರೆ ಬೇರೆ ಪುರಾವೆ ಬೇಡ. ಬಣ್ಣದಲ್ಲೂ ಅಂಥದೇ ಒಂದು ಸುಳಿವಿದೆ: ಎಡಪಟ್ಟಿ ನೀಲಿಯ ಬದಲು ಹಸಿರಾಗಿದ್ದರೆ ಅದು ಬ್ರಿಟನ್ನಿನಲ್ಲಿ 2020ರ ಡಿಸೆಂಬರಿನಿಂದ ಹೊಗೆ ಉಗುಳದ ವಾಹನಗಳಿಗೆ ಕೊಟ್ಟ ಗುರುತು.

ಎರಡು ಸಾಲಿನ ಚೌಕ ಪ್ಲೇಟ್‌ಗಳನ್ನು ಇನ್ನೂ ಮುಟ್ಟಿಲ್ಲ. ಬ್ರಿಟನ್ನಿನ ಚೌಕದಲ್ಲಿ ಗುಂಪಿನ ಸಂದಿಯ ಜಾಗದಲ್ಲೇ ಸಾಲು ಮುರಿಯುತ್ತದೆ: ಮೇಲೆ ನಾಲ್ಕು, ಕೆಳಗೆ ಮೂರು. ಕಂಬಸಾಲು ಕೂಡುವ ವಿಧಾನ ಅಲ್ಲಿ ನಡೆಯದು, ಮೊದಲು ಅಡ್ಡಸಾಲುಗಳನ್ನು ಕೂಡಿ ಪ್ಲೇಟನ್ನು ಎರಡಾಗಿ ಸೀಳಿಕೊಳ್ಳಬೇಕು.