ಏಳನೇ ಸೀನ್ ಕೊನೆಗೂ ಕೂತಿತು

ಹೋದ ಸಲ ಬರೆದಾಗ ಕಿರುಚಿತ್ರದ ಚಿತ್ರಕಥೆ ಮೂರನೇ ಡ್ರಾಫ್ಟ್‌ನಲ್ಲಿತ್ತು. ಸಂಭಾಷಣೆ ತಿದ್ದಿದ್ದು, ಎರಡು ಸೀನ್ ಕಿತ್ತು ಹಾಕಿದ್ದು, ಅದೆಲ್ಲ ಮಾಮೂಲಿ ಕೆಲಸ, ಬಿಡಿ. ಮೂರು ವಾರ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೇ ಸೀನ್ ಒಂದೇ. ಅದರಲ್ಲೂ ಮೊದಲ ಐದು ವಾಕ್ಯ. ಅವು ಹೀಗಿದ್ದವು:

"ಗಿರಿಜಮ್ಮನಿಗೆ ಬೆಳಗ್ಗಿನಿಂದ ಮನಸ್ಸು ಭಾರ. ಗಂಡ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಬೆಂಗಳೂರಿನಲ್ಲಿರುವ ಮಗ ಬಂದಿಲ್ಲ, ಫೋನೂ ಮಾಡಿಲ್ಲ. ಅವನಿಗೆ ನೆನಪೇ ಇಲ್ಲವೇನೋ ಎಂದು ಆಕೆಗೆ ಅನಿಸುತ್ತದೆ. ಎಡೆಯ ಊಟ ಆರಿಹೋಗಿದೆ."

ಓದೋಕೆ ಚೆನ್ನಾಗಿದೆ, ಅಲ್ವಾ? ಕತೆಯಾಗಿದ್ದರೆ ಒಂದು ಅಕ್ಷರವನ್ನೂ ಮುಟ್ಟುತ್ತಿರಲಿಲ್ಲ. ಆದರೆ ಚಿತ್ರಕಥೆಯ ವಿವರಣೆಯಲ್ಲಿ ಕಾಣುವುದು, ಕೇಳಿಸುವುದು ಮಾತ್ರ ಇರಬೇಕು ಅನ್ನುವುದು ನಿಯಮ. ಇಲ್ಲಿ ಕ್ಯಾಮೆರಾ ಹಿಂದೆ ನಿಂತ ಹುಡುಗ ಏನನ್ನು ಹಿಡಿಯಬೇಕು? ಭಾರವಾದ ಮನಸ್ಸು ಕಾಣುವುದಿಲ್ಲ. ಒಂದು ವರ್ಷ ಕಾಣುವುದಿಲ್ಲ. ಬಾರದ ಫೋನ್ ಕೇಳಿಸುವುದಿಲ್ಲ. ಆಕೆಗೆ ಅನಿಸಿದ್ದು ಕಾಣುವುದಿಲ್ಲ. ಊಟ ಆರಿರುವುದು ಮುಟ್ಟಿದವರಿಗೆ ಮಾತ್ರ ಗೊತ್ತು. ಐದಕ್ಕೆ ಐದೂ ಹೊರಗೆ.

ಇದನ್ನು ಗಮನಿಸುವಾಗ ಕನ್ನಡದ್ದೇ ಒಂದು ಗುರುತು ಸಿಕ್ಕಿತು. ನಮ್ಮಲ್ಲಿ ಮನಸ್ಸಿನೊಳಗೆ ನಡೆಯುವುದು ಬಹಳಷ್ಟು ಸಲ "ಗೆ" ಹಾಕಿಕೊಂಡು ಬರುತ್ತದೆ. ಅವಳಿಗೆ ಬೇಸರವಾಯಿತು, ಅವನಿಗೆ ನೆನಪಾಯಿತು, ಆಕೆಗೆ ಅನಿಸಿತು, ಅವರಿಗೆ ಗೊತ್ತಾಯಿತು. ಮೈ ಕೈ ಅಲ್ಲಾಡಿಸುವ ಕೆಲಸಕ್ಕೆ ಆ "ಗೆ" ಬೇಡ: ಅವಳು ಎದ್ದಳು, ಬಾಗಿಲು ತೆರೆದಳು. ಹಾಗಾಗಿ ವಿವರಣೆಯಲ್ಲಿ ಪಾತ್ರದ ಹೆಸರಿಗೆ "ಗೆ" ಅಂಟಿದ ಕಡೆಯೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿದೆ. ಎಲ್ಲವೂ ತಪ್ಪಲ್ಲ. "ಅವನಿಗೆ ಕಾಫಿ ಕೊಡುತ್ತಾಳೆ" ಅಂದರೆ ಕ್ಯಾಮೆರಾಕ್ಕೆ ತಕರಾರಿಲ್ಲ. ಆದರೂ ಹದಿನಾಲ್ಕು ಪುಟದಲ್ಲಿ ಮೂವತ್ತೊಂದು ಸುತ್ತು ಬಿದ್ದವು. ಅದರಲ್ಲಿ ಇಪ್ಪತ್ತಾರು ಕಾಣದ ಸಂಗತಿಗಳೇ.

ಆ ಕಾಣದ್ದನ್ನೆಲ್ಲ ಅಳಿಸಿ, ಕಾಣುವುದನ್ನು ಮಾತ್ರ ಬರೆದೆ: "ಗಿರಿಜಮ್ಮ ಕಂಬಕ್ಕೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಮೊಬೈಲ್. ಎದುರಿಗೆ ಎಲೆ. ನಿಟ್ಟುಸಿರು ಬಿಡುತ್ತಾಳೆ. ಕಣ್ಣು ಒದ್ದೆಯಾಗಿದೆ."

ನಿಯಮ ಪಾಲಿಸಿದ್ದಾಯಿತು. ಕತೆ ಏನೂ ಗೊತ್ತಿಲ್ಲದ ಗೆಳತಿಗೆ ಇಷ್ಟನ್ನೇ ಓದಿ, "ಇವಳಿಗೆ ಏನಾಗಿದೆ ಹೇಳು" ಅಂದೆ. ಆಕೆ ಯೋಚನೆ ಮಾಡಿ, "ಪಾಪ, ಉಪವಾಸ ಇರಬೇಕು, ತುಂಬಾ ಹಸಿದಿದ್ದಾರೆ" ಅಂದಳು. ಆ ರಾತ್ರಿ ಫೈಲ್ ಮುಚ್ಚಿಟ್ಟೆ.

ಮಾರನೆಯ ದಿನ ಯೋಚಿಸಿದಾಗ ಅವಳು ಹೇಳಿದ್ದು ಸರಿಯೇ ಅನಿಸಿತು. ನಿಟ್ಟುಸಿರು, ಒದ್ದೆ ಕಣ್ಣು ಎರಡೂ ಕಾಣುತ್ತವೆ, ಕೇಳುತ್ತವೆ. ಆದರೆ ಅವು "ಬೇಸರ" ಅನ್ನುವ ಚೀಟಿಗಳು, ಯಾವ ಬೇಸರಕ್ಕಾದರೂ ಅಂಟಿಸಬಹುದು. ಮಗನಿಗೆ ಕಾಯುವ ಬೇಸರಕ್ಕೇ ಸೇರಿದ ಒಂದು ಕೆಲಸವನ್ನು ಗಿರಿಜಮ್ಮನ ಕೈಗೆ ಕೊಡಬೇಕಿತ್ತು.

ಎಲ್ಲಕ್ಕಿಂತ ಕಷ್ಟದ್ದು ಎಂದರೆ "ಫೋನ್ ಮಾಡಿಲ್ಲ". ನಡೆಯದೇ ಇರುವುದನ್ನು ಹೇಗೆ ತೋರಿಸುವುದು? ಸುಮ್ಮನೆ ಮೊಬೈಲ್ ತೋರಿಸಿದರೆ ಅದು ಮೊಬೈಲ್ ಅಷ್ಟೇ. ಗಡಿಯಾರ ತೋರಿಸಿದೆ, ಆಕೆ ಪದೇ ಪದೇ ಸ್ಕ್ರೀನ್ ನೋಡುವಂತೆ ಮಾಡಿದೆ. ಹತ್ತು ಸಿನಿಮಾದಲ್ಲಿ ನೋಡಿದ್ದೇ ಆಯಿತು. ಆಗ ನಮ್ಮ ದೊಡ್ಡಮ್ಮ ನೆನಪಾದರು. ಮಕ್ಕಳ ಫೋನ್ ತಡವಾದರೆ ಅವರು ಪಕ್ಕದ ಮನೆಯವರಿಗೆ, "ನನ್ನ ಮೊಬೈಲ್‌ಗೆ ಒಂದು ಮಿಸ್ ಕಾಲ್ ಕೊಡಮ್ಮ, ಕೆಟ್ಟಿದೆಯೇನೋ" ಅನ್ನುತ್ತಿದ್ದರು. ಫೋನ್ ಹೊಡೆದುಕೊಳ್ಳುತ್ತಿತ್ತು. ಸರಿಯಾಗಿಯೇ ಇರುತ್ತಿತ್ತು.

ಅಷ್ಟೇ ಬೇಕಾಗಿದ್ದು! ಇಲ್ಲದ್ದನ್ನು ತೋರಿಸಬೇಕಾದರೆ ಮೊದಲು ಅದು ಬರಬೇಕು ಅನ್ನುವ ಆಸೆಯನ್ನು ನೋಡುವವರಲ್ಲಿ ಹುಟ್ಟಿಸಬೇಕು. ರಿಂಗ್ ಕೇಳಿದ ಕ್ಷಣ ಅವರೂ "ಮಗ!" ಅಂದುಕೊಳ್ಳುತ್ತಾರೆ. ಅಲ್ಲ ಅಂತ ಗೊತ್ತಾದಾಗ ಬಾರದ ಫೋನ್ ಅವರಿಗೂ ಕೇಳಿಸುತ್ತದೆ.

ಈಗ ಸೀನ್ ಹೀಗಿದೆ. ನಾನು ಬರೆಯುವುದು ಫೌಂಟನ್ ಅನ್ನುವ, ಸಾದಾ ಅಕ್ಷರದಲ್ಲೇ ಚಿತ್ರಕಥೆ ಬರೆಯುವ ಮಾದರಿಯಲ್ಲಿ. ಇಂಗ್ಲಿಷಿನ INT, EXT ಇಂದ ಶುರುವಾಗದ ಸೀನ್ ತಲೆಬರಹಕ್ಕೆ ಚುಕ್ಕಿ, ಕನ್ನಡದಲ್ಲಿ ದೊಡ್ಡಕ್ಷರ ಇಲ್ಲದ್ದರಿಂದ ಪಾತ್ರದ ಹೆಸರಿಗೆ `@` ಹಾಕಲೇಬೇಕು. ಇಲ್ಲದಿದ್ದರೆ ಎಲ್ಲವೂ ವಿವರಣೆಯಾಗಿ ಹೋಗುತ್ತದೆ.

```
.ಒಳಗೆ. ಗಿರಿಜಮ್ಮನ ನಡುಮನೆ - ಮಧ್ಯಾಹ್ನ

ಹಾರ ಹಾಕಿದ ಗಂಡಸಿನ ಫೋಟೊ. ಎದುರಿಗೆ ಎಡೆ.
ಅನ್ನದ ಮೇಲೆ ತುಪ್ಪ ಹೆಪ್ಪುಗಟ್ಟಿದೆ.

ಪಕ್ಕದಲ್ಲಿ ಎರಡು ಖಾಲಿ ಬಾಳೆಎಲೆ. ಗಿರಿಜಮ್ಮ ಒಬ್ಬಳೇ.

ಮೊಬೈಲ್ ಹೊಡೆದುಕೊಳ್ಳುತ್ತದೆ. ಗಿರಿಜಮ್ಮ ತೆಗೆದುಕೊಳ್ಳದೆ
ಕಿಟಕಿಯತ್ತ ತಿರುಗುತ್ತಾಳೆ. ರಿಂಗ್ ನಿಲ್ಲುತ್ತದೆ.

@ಪಕ್ಕದ ಮನೆಯವಳು
(ಕಿಟಕಿಯ ಆಚೆಯಿಂದ)
ಸರಿಯಾಗೇ ಇದೆಯಲ್ಲಾ ಗಿರಿಜಕ್ಕ!

ಗಿರಿಜಮ್ಮ ಮೊಬೈಲನ್ನು ಸೆರಗಿನಿಂದ ಒರೆಸಿ ಕೆಳಗಿಡುತ್ತಾಳೆ.
ಒಂದು ಎಲೆಯನ್ನು ಸುತ್ತಿ ಮೂಲೆಗೆ ಇಡುತ್ತಾಳೆ.

[[ಗಂಡ ತೀರಿಕೊಂಡು ಒಂದು ವರ್ಷ. ಮಗ ಬೆಂಗಳೂರಿನಲ್ಲಿ.]]
```

ಕೊನೆಯ ಸಾಲನ್ನು ನೋಡಿ. ಜೋಡಿ ಚೌಕ ಕಂಸದೊಳಗೆ ಬರೆದದ್ದು ಟಿಪ್ಪಣಿ. ಪ್ರಿಂಟ್ ತೆಗೆಯುವಾಗ ಅದನ್ನು ಬಿಡಬಹುದು. ಕಾಣದ್ದನ್ನೆಲ್ಲ ಅಳಿಸಬೇಕಿಲ್ಲ, ಅಲ್ಲಿ ಇಟ್ಟುಕೊಳ್ಳಬಹುದು. ನಟಿ ಕೇಳಿದರೆ ಹೇಳೋಕೆ ಬೇಕಲ್ಲ. "ಒಂದು ವರ್ಷ" ಅನ್ನುವುದನ್ನು ಮೊದಲು ಪಕ್ಕದ ಮನೆಯವಳ ಬಾಯಲ್ಲಿ ಹೇಳಿಸಿದ್ದೆ, ಆಮೇಲೆ ತೆಗೆದೆ. ಎಡೆ, ಹಾರ ಕಂಡರೆ ನಮ್ಮವರಿಗೆ ದಿನ ಯಾವುದೆಂದು ಗೊತ್ತಾಗುತ್ತದೆ. ಎಷ್ಟನೇ ವರ್ಷ ಅನ್ನುವುದು ಈ ಸೀನ್‌ಗೆ ಬೇಕೇ ಇಲ್ಲ.

ತುಪ್ಪದ ಸಾಲಿನ ಮೇಲೆ ನನಗೆ ತುಂಬಾ ಪ್ರೀತಿ. "ಊಟ ಆರಿದೆ" ಅನ್ನುವುದನ್ನು ಕಣ್ಣಿಗೆ ತರಲು ಹಬೆ ಇಲ್ಲ ಅಂತ ಬರೆದಿದ್ದೆ, ಅದೂ ಮತ್ತೊಂದು "ಇಲ್ಲ". ಹೆಪ್ಪುಗಟ್ಟಿದ ತುಪ್ಪ ಇದೆ, ಬಿಳಿಯಾಗಿ ಕಾಣುತ್ತದೆ, ಎಷ್ಟು ಹೊತ್ತಾಯಿತು ಅನ್ನುವುದನ್ನೂ ಹೇಳುತ್ತದೆ. ಆದರೆ ಇದು ಚಳಿಗಾಲಕ್ಕೆ ಮಾತ್ರ. ಬೇಸಿಗೆಯಲ್ಲಿ ಶೂಟ್ ಮಾಡಿದರೆ ತುಪ್ಪ ನೀರಾಗೇ ಇರುತ್ತದೆ. ಆಗ ಎಡೆಯ ಸುತ್ತ ಇರುವೆ ಸಾಲು ಬರೆಯಬೇಕಾಗುತ್ತದೆ.

ಗೆಳತಿಗೆ ಮತ್ತೆ ಓದಿದೆ, ಟಿಪ್ಪಣಿ ಬಿಟ್ಟು. "ಮಗನೋ ಮಗಳೋ ಬರಬೇಕಿತ್ತು, ಬರಲಿಲ್ಲ" ಅಂದಳು. ಎಲೆ ಸುತ್ತಿಟ್ಟ ಸಾಲು ಬಂದಾಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಒಂದು ಗೊಣಗಾಟ ಇದೆ. ಶೂಟಿಂಗ್ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಹಳೆಯ ಬಟನ್ ಫೋನ್ ಬೇಕು, ರಿಂಗ್ ಆಗಬೇಕು ಅಂತ ಎರಡು ಸಲ ಹೇಳಿದ್ದೆ. ಬಂದದ್ದು ಬ್ಯಾಟರಿಯೇ ಇಲ್ಲದ ಡಬ್ಬಿ. ಶಬ್ದ ಆಮೇಲೆ ಸೇರಿಸಿಕೊಳ್ಳಿ ಅಂದರು. ಶಬ್ದ ಸೇರಿಸಬಹುದು, ಸರಿ. ಆದರೆ ಫೋನ್ ನಿಜವಾಗಿ ಹೊಡೆದುಕೊಂಡಾಗ ಸ್ಕ್ರೀನ್ ಬೆಳಗುತ್ತದೆ, ನಟಿಯ ಮೈ ತಾನಾಗಿ ತಿರುಗುತ್ತದೆ. ಅದನ್ನು ಹೇಗೆ ಸೇರಿಸುವುದು? ಇನ್ನು ಪ್ರಿಂಟ್ ಅಂಗಡಿಯವರು ಫಾಂಟ್ ಬದಲಿಸಿ ಒತ್ತಕ್ಷರಗಳನ್ನೆಲ್ಲ ಬಿಡಿಸಿಟ್ಟರು. ಒಂಬತ್ತು ಪ್ರತಿ ದಂಡ. ಇನ್ನು ಮೇಲೆ ಮನೆಯಲ್ಲೇ ಪಿಡಿಎಫ್ ಮಾಡಿ, ಒಂದು ಪುಟ ನೋಡಿ ಆಮೇಲೆ ಉಳಿದದ್ದು.

ಈ ಸೀನ್ ತಿದ್ದುವಾಗಲೇ ಮುಂದಿನದು ತಲೆಗೆ ಹೊಕ್ಕಿದೆ. ಇದೇ ಗಿರಿಜಮ್ಮನನ್ನು ಹದಿನೈದು ನಿಮಿಷದ ರೇಡಿಯೋ ನಾಟಕ ಮಾಡಬೇಕು. ಅಲ್ಲಿ ಕ್ಯಾಮೆರಾನೂ ಇಲ್ಲ, ಮೈಕ್ ಮಾತ್ರ. ಫೋಟೊ ಹೋಯಿತು, ತುಪ್ಪ ಹೋಯಿತು. ರಿಂಗ್ ಉಳಿಯುತ್ತದೆ, ಕಿಟಕಿಯಾಚೆಯ ದನಿ ಉಳಿಯುತ್ತದೆ. ಎಲೆಯದ್ದೇ ಕಷ್ಟ. ನಿನ್ನೆ ರಾತ್ರಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಹಸಿ ಬಾಳೆಎಲೆ ಸುತ್ತಿದರೆ ಹೆಚ್ಚು ಕಡಿಮೆ ಏನೂ ಕೇಳಿಸುವುದಿಲ್ಲ. ಒಣಗಿದ ಮುತ್ತುಗದ ಎಲೆಯನ್ನು ನೆಲದಿಂದ ಎತ್ತಿದರೆ ಮಾತ್ರ ಚರಚರ ಅನ್ನುತ್ತದೆ. ಹಾಗಾಗಿ ರೇಡಿಯೋದ ಗಿರಿಜಮ್ಮ ಮುತ್ತುಗದ ಎಲೆ ಹಾಕುತ್ತಾಳೆ. ಒಂದು ಕಟ್ಟು ತಂದಿಟ್ಟಿದ್ದೇನೆ.