ಮೇ ತಿಂಗಳ ಲೆಕ್ಕ

31 ಮೇ 2025, ಶನಿವಾರ
ರಾಯಚೂರು

ಊಟ ಆದ ಮೇಲೆ ಮೂವರೂ ಫೋನ್ ಹಿಡಿದು ಕೂತು ರೂಮಿನ ಲೆಕ್ಕ ಮುಗಿಸಿದೆವು. ಬಸವರಾಜ ತಾನು ಜಾಸ್ತಿ ಕೊಟ್ಟಿದ್ದೇನೆ ಅನ್ನುತ್ತಿದ್ದ, ಇರ್ಫಾನ್ ತಾನು ಅನ್ನುತ್ತಿದ್ದ. ಇಬ್ಬರೂ ತೋರಿಸುತ್ತಿದ್ದುದು ಆ್ಯಪಿನ ಹಿಸ್ಟರಿ. ಅದರಲ್ಲಿ ಬಾಡಿಗೆ, ಚಹಾ, ಕೈಗಡ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹಾಗೆ ಓದಿದರೆ ಯಾರು ಬೇಕಾದರೂ ಗೆಲ್ಲಬಹುದು.

ಅದಕ್ಕೆ ಎರಡು ಗುಂಪು ಮಾಡಿಸಿದೆ. ಮನೆಯಿಂದ ಹೊರಗೆ ಹೋದ ದುಡ್ಡು ಖರ್ಚು. ನಮ್ಮ ಮೂವರೊಳಗೆ ಓಡಾಡಿದ್ದು ಖರ್ಚಲ್ಲ, ಬರೀ ತೀರುವಳಿ.

ಮೊದಲು ಖರ್ಚು. ಬಾಡಿಗೆ 9,000 ನಾನು ಕಟ್ಟಿದ್ದೆ. ಜೆಸ್ಕಾಂ ಬಿಲ್ 1,800 ಬಸವರಾಜ. ವೈಫೈ 600 ಮತ್ತು ಸಿಲಿಂಡರ್ 900 ಇರ್ಫಾನ್. ಸಿಲಿಂಡರ್ ದುಡ್ಡು ಅವನ ಆ್ಯಪಿನಲ್ಲಿ ಕಾಣಲೇ ಇಲ್ಲ, ಯಾಕೆಂದರೆ ಅವತ್ತು ಬೇರೆ ಆ್ಯಪಿನಿಂದ ಹಾಕಿದ್ದ. ಒಂದು ಆ್ಯಪಿನಿಂದ ಹಾಕಿದ್ದನ್ನು ಇನ್ನೊಂದು ತೋರಿಸುವುದಿಲ್ಲ. ಎರಡೂ ಸಿಗುವುದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ. ಅಲ್ಲಿಯೂ ಯಾರದೋ ಗೊತ್ತಿಲ್ಲದ ಹೆಸರಿತ್ತು, ಸಿಲಿಂಡರ್ ತಂದ ಹುಡುಗನ ಕ್ಯೂಆರ್ ಇರಬೇಕು. ಸಿಲಿಂಡರ್ ಬಂದ ಮೆಸೇಜಿನ ತಾರೀಖಿಗೆ ಸರಿಹೊಂದಿತು, ಒಪ್ಪಿಕೊಂಡೆವು.

ಒಟ್ಟು 12,300. ತಲೆಗೆ 4,100. ಅಂದರೆ ನನಗೆ 4,900 ಬರಬೇಕು, ಬಸವರಾಜ 2,300 ಕೊಡಬೇಕು, ಇರ್ಫಾನ್ 2,600. ಬರಬೇಕಾದ್ದೂ ಕೊಡಬೇಕಾದ್ದೂ ಸಮ ಇದ್ದರೆ ಇಲ್ಲಿವರೆಗೆ ಲೆಕ್ಕ ಸರಿ.

ಜಗಳ ಇದ್ದದ್ದು ಎರಡನೇ ಗುಂಪಿನಲ್ಲಿ. "ನಾ ಎರಡು ಸಲ ಎರಡೆರಡು ಸಾವಿರ ಹಾಕೀನಿ ಲೇ, ನೋಡಿಲ್ಲಿ" ಅಂದ ಬಸವರಾಜ. ನಿಜ, 2ನೇ ತಾರೀಖು ಅವನ ಖಾತೆಯಿಂದ ಎರಡು ಸಲ ಕಡಿತ ಆಗಿತ್ತು. ಮೊದಲನೆಯದು ಪೆಂಡಿಂಗ್ ಅಂತ ನಿಂತಿತ್ತು, ಕಾಯಲು ತಾಳ್ಮೆ ಇಲ್ಲದೆ ಮತ್ತೆ ಹಾಕಿದ್ದ. ಇಂಥದ್ದಕ್ಕೆ ಸ್ಕ್ರೀನ್‌ಶಾಟ್ ಸಾಲದು, ಯುಟಿಆರ್ ನೋಡಬೇಕು. ಆ 12 ಅಂಕಿಯ ನಂಬರ್ ಕಳಿಸಿದವನ ಕಡೆಯೂ ಪಡೆದವನ ಕಡೆಯೂ ಒಂದೇ ಇರುತ್ತದೆ. ಅವನ ಎರಡನೇ ನಂಬರ್ ನನ್ನ ಸ್ಟೇಟ್‌ಮೆಂಟಿನಲ್ಲಿ ಸಿಕ್ಕಿತು, ಮೊದಲನೆಯದು ಸಿಗಲಿಲ್ಲ. ಹಾಗಾದರೆ ಆ ದುಡ್ಡು ಎಲ್ಲಿ? ಅವನದೇ ಖಾತೆಯಲ್ಲಿ, ಮರುದಿನ 2,000 ಜಮಾ ಆಗಿ ಪಕ್ಕದಲ್ಲಿ `REV` ಅಂತ ಇತ್ತು. ಪಡೆಯುವವನಿಗೆ ಸೇರದ ದುಡ್ಡು ಮರುದಿನದೊಳಗೆ ವಾಪಸ್ ಬರಬೇಕು, ತಡ ಮಾಡಿದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಜಮಾ ಆದ ಮೆಸೇಜ್ ಯಾರು ಓದುತ್ತಾರೆ, ಅಲ್ವಾ? ಕಡಿತದ ಮೆಸೇಜ್ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಇನ್ನೊಂದು, 6ನೇ ತಾರೀಖು ಇರ್ಫಾನ್ ಬಸವರಾಜನಿಗೆ ಹಾಕಿದ 1,000. ನೋಟ್ ಖಾಲಿ. ಕರೆಂಟ್ ಬಿಲ್ಲಿಗೆ ಕೊಟ್ಟದ್ದು ಅಂತ ಇರ್ಫಾನ್. ಮಾರ್ಚಿನಲ್ಲಿ ಪರೀಕ್ಷೆ ಫೀಗೆ ಕೊಟ್ಟ ಕೈಗಡ ವಾಪಸ್ ಬಂದದ್ದು ಅಂತ ಬಸವರಾಜ. ಬಿಲ್ ತೆಗೆದು ನೋಡಿದರೆ ಮೀಟರ್ ಓದಿದ್ದು 9ರಂದು. ಬರದೇ ಇದ್ದ ಬಿಲ್ಲಿಗೆ ಮೂರು ದಿನ ಮೊದಲೇ ಯಾರು ದುಡ್ಡು ಹಾಕುತ್ತಾರೆ? ಮಾರ್ಚಿಗೆ ಹಿಂದೆ ಸರಿಸಿದರೆ ಬಸವರಾಜನಿಂದ ಇರ್ಫಾನ್‌ಗೆ ಹೋದ 1,000 ಅಲ್ಲೇ ಇತ್ತು. "ಹೌದಪ್ಪ, ಮರೆತಿದ್ದೆ" ಅಂದ ಇರ್ಫಾನ್. ಆ ಸಾವಿರವನ್ನು ಮನೆ ಲೆಕ್ಕದಿಂದ ತೆಗೆದೆವು.

ಉಳಿದದ್ದು ಬಸವರಾಜ ನನಗೆ ಹಾಕಿದ 2,000, ಇರ್ಫಾನ್ ಹಾಕಿದ 3,000. ನನಗೆ ಬರಬೇಕಿದ್ದದ್ದು 4,900, ಬಂದದ್ದು 5,000. ಬಾಡಿಗೆ ಪೂರ್ತಿ ಕಟ್ಟಿದ ನಾನೇ 100 ಬಾಕಿ! ಬಸವರಾಜನದು 300 ಬಾಕಿ. ಎರಡೂ ಸೇರಿ 400 ಇರ್ಫಾನ್‌ಗೆ ಹೋಗಬೇಕು. ಅಲ್ಲೇ ಕೂತು ಹಾಕಿದೆವು, ನೋಟಿನಲ್ಲಿ "ಮೇ ಮನೆ" ಅಂತ ಬರೆದು. ಕೈಗಡಕ್ಕೆ ಇನ್ನು ಮುಂದೆ "ಸಾಲ" ಅಂತಲೇ ಬರೆಯಬೇಕು ಅಂತ ಮಾತಾಯಿತು.

ಬಗೆಹರಿಯದ್ದು ಕೂಲರ್ ವಿಷಯ. ಗೃಹಜ್ಯೋತಿಯಲ್ಲಿ ಚಳಿಗಾಲವೆಲ್ಲ ಸೊನ್ನೆ ಬಿಲ್ ಬರುತ್ತಿತ್ತು. 200 ಯೂನಿಟ್ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಈ ಸಲ ದಾಟಿತು. ಕೂಲರ್ ಇರುವುದು ಬಸವರಾಜನ ಕೋಣೆಯಲ್ಲಿ. 1,800 ಅನ್ನು ಮೂವರಿಗೂ ಸಮ ಹಂಚಿದ್ದು ಸರಿಯಾ ಅಂತ ಇರ್ಫಾನ್ ಕೇಳಿದ. ರಾತ್ರಿ ಬಾಗಿಲು ತೆಗೆದಿಟ್ಟು ಮೂವರೂ ಅದೇ ಗಾಳಿಯಲ್ಲಿ ಮಲಗುತ್ತೇವಲ್ಲ ಅಂತ ಬಸವರಾಜ. ಇದಕ್ಕೆ ಸ್ಟೇಟ್‌ಮೆಂಟಿನಲ್ಲಿ ಉತ್ತರ ಇಲ್ಲ. ಜೂನ್ ಬಿಲ್ ಬಂದಾಗ ನೋಡೋಣ ಅಂತ ಮಲಗಲು ಎದ್ದೆವು.